ಒಂದೇ ಶಿಫ್ಟು, ಒಬ್ಬನಿಗೇ ಭಾರ: ಕೆಲಸದ ಹಂಚಿಕೆ ಬಗ್ಗೆ ದೂರು ಪತ್ರ ಬರೆಯುವ ಬಗೆ

ಶಿವಮೊಗ್ಗ ಮತ್ತು ಭದ್ರಾವತಿ ನಡುವಿನ ಒಂದು ಫೌಂಡ್ರಿಯ ಫೆಟ್ಲಿಂಗ್ ಸೆಕ್ಷನ್‌ನಲ್ಲಿ ನಾನು ತುಂಬಾ ವರ್ಷ ಕೆಲಸ ಮಾಡಿದೆ. ಅದರಲ್ಲಿ ಕೆಲವು ವರ್ಷ ಕಾರ್ಮಿಕರ ಕಡೆಯಿಂದ ಕುಂದುಕೊರತೆ ಸಮಿತಿಯಲ್ಲೂ ಕೂತಿದ್ದೆ. ಸಮಿತಿಗೆ ಬರುತ್ತಿದ್ದ ಪತ್ರಗಳಲ್ಲಿ ಸಂಬಳದ್ದು ಬಿಟ್ಟರೆ ಹೆಚ್ಚಿನವು ಒಂದೇ ಮಾತು ಹೇಳುತ್ತಿದ್ದವು: 'ನಮ್ಮ ಶಿಫ್ಟಿನಲ್ಲಿ ಎಲ್ಲಾ ಕೆಲಸ ನನಗೇ ಹಾಕ್ತಾರೆ.' ಮಾತು ನಿಜವೇ ಇರುತ್ತಿತ್ತು. ಆದರೂ ಅವುಗಳಲ್ಲಿ ಬಹುಪಾಲು ಪತ್ರಗಳಿಂದ ಏನೂ ಆಗುತ್ತಿರಲಿಲ್ಲ. ಯಾಕೆಂದರೆ ಮ್ಯಾನೇಜರ್ ರಿಜಿಸ್ಟರ್ ತೆರೆದು ತೋರಿಸಿದರೆ ಅಲ್ಲಿ ಎಲ್ಲರ ಹೆಸರಿನ ಮುಂದೆ ಒಂದೇ ಅಂಕಿ ಇರುತ್ತಿತ್ತು.

ಆ ಅಂಕಿ ಹೇಗೆ ಸಮ ಕಾಣುತ್ತದೆ ಅನ್ನುವುದು ಗೊತ್ತಾಗದೆ ಪತ್ರ ಬರೆದು ಪ್ರಯೋಜನವಿಲ್ಲ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಒಬ್ಬ ಹುಡುಗನ ಪತ್ರವನ್ನೇ ಮುಂದಿಟ್ಟುಕೊಂಡು ಹೇಳುತ್ತೇನೆ. ಅವನು ಆಯನೂರು ಕಡೆಯವನು, ಕೆಲಸಕ್ಕೆ ಸೇರಿ ಮೂರು ವರ್ಷ ಆಗಿತ್ತು. ಅಣ್ಣಾ, ಒಂದು ಕಂಪ್ಲೇಂಟ್ ಬರೆದುಕೊಡಿ ಅಂತ ಬಂದ. ಬರೆದುಕೊಡಲ್ಲ, ಬರೆಯುವುದನ್ನು ಹೇಳಿಕೊಡ್ತೀನಿ ಅಂದೆ.

ಮೊದಲು: ಹಂಚಿಕೆಯನ್ನು ಯಾವುದರಲ್ಲಿ ಅಳೆಯುತ್ತಿದ್ದಾರೆ?

ಫೆಟ್ಲಿಂಗ್ ಅಂದರೆ ಅಚ್ಚಿನಿಂದ ಬಂದ ಕಾಸ್ಟಿಂಗ್‌ನ ಅಂಚಿನಲ್ಲಿ ಉಳಿದ ಹೆಚ್ಚುವರಿ ಲೋಹವನ್ನು ಗ್ರೈಂಡರ್ ಹಿಡಿದು ಉಜ್ಜಿ ತೆಗೆಯುವ ಕೆಲಸ. ಆ ಹುಡುಗನ ಶಿಫ್ಟಿನಲ್ಲಿ ನಾಲ್ಕು ಜನ. ದಿನಕ್ಕೆ 16 ಬಿನ್ ಮಾಲು ಬರುತ್ತಿತ್ತು, ತಲೆಗೆ 4 ಬಿನ್. ರಿಜಿಸ್ಟರಿನಲ್ಲಿ ಬರೆಯುತ್ತಿದ್ದದ್ದು ಅಷ್ಟೇ, ಹೆಸರು ಮತ್ತು ಬಿನ್ ಲೆಕ್ಕ. ಕಾಗದದ ಮೇಲೆ ಇದಕ್ಕಿಂತ ಸಮಾನ ಹಂಚಿಕೆ ಇನ್ನೊಂದಿಲ್ಲ, ಅಲ್ವಾ?

ಆದರೆ ಬಿನ್ ಒಳಗೆ ಏನಿದೆ ನೋಡಿ. ಹೌಸಿಂಗ್ ಅನ್ನುವ ದೊಡ್ಡ ಪೀಸು 18 ಕಿಲೋ. ಒಂದು ಬಿನ್‌ಗೆ 8 ಹಿಡಿಯುತ್ತದೆ. ಒಂದನ್ನು ಉಜ್ಜಿ ಮುಗಿಸಲು 12 ನಿಮಿಷ ಬೇಕು. ಬ್ರಾಕೆಟ್ ಅನ್ನುವ ಸಣ್ಣ ಪೀಸು 3 ಕಿಲೋ, ಬಿನ್‌ಗೆ 15, ಒಂದಕ್ಕೆ 5 ನಿಮಿಷ. ಹಾಗಾಗಿ ಹೌಸಿಂಗ್ ಬಿನ್ ಒಂದಕ್ಕೆ 96 ನಿಮಿಷ, ಬ್ರಾಕೆಟ್ ಬಿನ್ ಒಂದಕ್ಕೆ 75 ನಿಮಿಷ. ನಾಲ್ಕೂ ಹೌಸಿಂಗ್ ಬಂದವನಿಗೆ ದಿನದಲ್ಲಿ 384 ನಿಮಿಷ ಗ್ರೈಂಡರ್ ಕೈಯಲ್ಲಿ. ನಾಲ್ಕೂ ಬ್ರಾಕೆಟ್ ಬಂದವನಿಗೆ 300. ಒಂದು ಗಂಟೆ 24 ನಿಮಿಷದ ಅಂತರ.

ಭಾರದ ಅಂತರ ಇನ್ನೂ ದೊಡ್ಡದು. ಪ್ರತಿ ಪೀಸನ್ನೂ ಎರಡು ಸಲ ಎತ್ತಬೇಕು. ಬಿನ್‌ನಿಂದ ಬೆಂಚಿಗೆ ಒಮ್ಮೆ, ಬೆಂಚಿನಿಂದ ಮುಗಿದ ಮಾಲಿನ ಬಿನ್‌ಗೆ ಇನ್ನೊಮ್ಮೆ. ಹೌಸಿಂಗ್ ಮಾಡಿದವನು ಒಂದು ಶಿಫ್ಟಿನಲ್ಲಿ ಹನ್ನೊಂದೂವರೆ ಕ್ವಿಂಟಲ್ ಎತ್ತಿರುತ್ತಾನೆ. ಬ್ರಾಕೆಟ್ ಮಾಡಿದವನು ಮೂರೂವರೆ ಕ್ವಿಂಟಲ್ ಚಿಲ್ಲರೆ. ರಿಜಿಸ್ಟರಿನಲ್ಲಿ ಇಬ್ಬರಿಗೂ '4'.

ಈ ಲೆಕ್ಕವನ್ನು ಅವನ ಮುಂದೆ ಕ್ಯಾಂಟೀನ್ ಮೇಜಿನ ಮೇಲೆ ಬರೆದಾಗ ಅವನು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ತಾನು ಸೋಮಾರಿ ಅಲ್ಲ, ಸುಮ್ನೆ ಗೊಣಗುತ್ತಿಲ್ಲ ಅನ್ನುವುದು ಅವತ್ತು ಅವನಿಗೇ ಖಾತ್ರಿಯಾಯಿತು.

ನಿಮ್ಮ ಕೆಲಸ ಫೌಂಡ್ರಿಯದ್ದೇ ಆಗಬೇಕಿಲ್ಲ. ಆಸ್ಪತ್ರೆಯಲ್ಲಿ 'ತಲೆಗೆ 8 ಬೆಡ್' ಅಂತ ಹಂಚುತ್ತಾರೆ, ಆದರೆ ಒಬ್ಬರ ಎಂಟರಲ್ಲಿ ಐದು ಜನ ಏಳಲಾಗದ ರೋಗಿಗಳು. ಹೋಂಸ್ಟೇಯಲ್ಲಿ 'ತಲೆಗೆ 3 ರೂಮ್' ಅಂತ ಹಂಚುತ್ತಾರೆ, ಆದರೆ ಒಬ್ಬರದು ಮೂರೂ ಖಾಲಿಯಾಗಿ ಹೊಸಬರು ಬರುವ ರೂಮ್. ಎಣಿಕೆ ಸಮ ಇದ್ದು ಕೆಲಸ ಸಮ ಇಲ್ಲದಿದ್ದರೆ, ಎಣಿಕೆ ಬಿಟ್ಟುಹೋದದ್ದು ಯಾವುದು ಅಂತ ಹುಡುಕಿ. ಭಾರವೋ, ಹೊತ್ತೋ, ಗಲೀಜೋ, ನಡಿಗೆಯೋ. ಪತ್ರದ ಜೀವ ಅದರಲ್ಲಿದೆ.

12 ಶಿಫ್ಟಿನ ಲೆಕ್ಕ ಬರೆಯಿರಿ

ಒಂದು ದಿನದ ಕಥೆಗೆ ಬೆಲೆಯಿಲ್ಲ. 'ಅವತ್ತು ಹಾಗಾಯಿತು' ಅಂತ ಮುಗಿಸುತ್ತಾರೆ. ಒಂದು ವಾರವೂ ಸಾಲದು. ಎರಡು ವಾರ, ಅಂದರೆ 12 ಶಿಫ್ಟ್ ಬರೆದರೆ ಒಂದು ಕ್ರಮ ಕಾಣುತ್ತದೆ. ಅದಕ್ಕಿಂತ ಜಾಸ್ತಿ ಬರೆಯುತ್ತಾ ಕೂತರೆ ಬರೆಯುವವರಿಗೇ ಬೇಸರ ಬಂದು ನಡುವೆ ದಿನಗಳು ಬಿಟ್ಟುಹೋಗುತ್ತವೆ.

ಅವನು ಬಳಸಿದ್ದು ಜೇಬಿಗೆ ಹಿಡಿಯುವ ಸಣ್ಣ ಪುಸ್ತಕ. ಆ ಪುಸ್ತಕ ಈಗಲೂ ನನ್ನ ಕಣ್ಣಮುಂದಿದೆ. ಪ್ರತಿ ಪುಟದ ಬಲತುದಿಯಲ್ಲಿ ಕಬ್ಬಿಣದ ಪುಡಿ ಮೆತ್ತಿದ ಹೆಬ್ಬೆರಳಿನ ಗುರುತು. ಪುಟಕ್ಕೆ ಒಂದು ದಿನ. ಮೇಲೆ ತಾರೀಕು, ಕೆಳಗೆ ನಾಲ್ಕು ಸಾಲು, ಒಬ್ಬೊಬ್ಬರಿಗೆ ಒಂದು. ಯಾರಿಗೆ ಎಷ್ಟು ಹೌಸಿಂಗ್ ಬಿನ್, ಎಷ್ಟು ಬ್ರಾಕೆಟ್ ಬಿನ್. ಕೊನೆಯಲ್ಲಿ ಶಿಫ್ಟ್ ಮುಗಿದ ಮೇಲೆ ಪುಡಿ ಗುಡಿಸಿದ್ದು ಯಾರು. ಬೇರೆ ಏನೂ ಇಲ್ಲ.

ಬರೆಯುವುದನ್ನು ಅವತ್ತವತ್ತೇ, ಟೀ ಬ್ರೇಕಿನಲ್ಲಿ ಮತ್ತು ಶಿಫ್ಟ್ ಮುಗಿದ ಕೂಡಲೇ ಬರೆಯಿರಿ. ಭಾನುವಾರ ಕೂತು ವಾರದ್ದನ್ನೆಲ್ಲ ನೆನಪು ಮಾಡಿಕೊಂಡು ಬರೆದರೆ ನಿಮಗೆ ಕಷ್ಟವಾದ ದಿನಗಳಷ್ಟೇ ನೆನಪಿರುತ್ತವೆ. ನಿಮಗೆ ಹಗುರ ಬಂದ ದಿನವನ್ನೂ ಬರೆಯಲೇಬೇಕು. ಅವನ ಪುಸ್ತಕದಲ್ಲಿ ಅಂಥ ಮೂರು ದಿನ ಇದ್ದವು, ಎರಡು ಹೌಸಿಂಗ್, ಎರಡು ಬ್ರಾಕೆಟ್. ಅವನ್ನು ಬಿಡಬಹುದಾ ಅಂತ ಕೇಳಿದ. ಬೇಡ ಅಂದೆ. ಆಮೇಲೆ ಸಮಿತಿಯಲ್ಲಿ ಅವನ ಲೆಕ್ಕ ನಂಬುವಂತೆ ಮಾಡಿದ್ದೇ ಆ ಮೂರು ದಿನಗಳು.

ಕಂಪನಿಯ ರಿಜಿಸ್ಟರನ್ನು ಮೊಬೈಲಿನಲ್ಲಿ ಫೋಟೋ ತೆಗೆಯಬೇಡಿ. ಬಹಳ ಕಡೆ ಒಳಗೆ ಫೋಟೋ ತೆಗೆಯುವುದೇ ತಪ್ಪು. ಆಮೇಲೆ ನಿಮ್ಮ ದೂರು ಪಕ್ಕಕ್ಕೆ ಹೋಗಿ ನಿಮ್ಮ ಫೋಟೋವೇ ವಿಚಾರಣೆಗೆ ಬರುತ್ತದೆ. ನಿಮ್ಮ ಕೈಬರಹದ ಲೆಕ್ಕ ಸಾಕು. ಬೇಕಾದರೆ ಅವರೇ ರಿಜಿಸ್ಟರ್ ತೆಗೆದು ತಾಳೆ ನೋಡಲಿ.

ನಮ್ಮ ಕಡೆಯವರು ಒಂದು ವಿಷಯ ಗಮನಿಸಬೇಕು. ಅಡಿಕೆ ಕೊಯ್ಲಿನ ದಿನಗಳಲ್ಲಿ ಈ ಲೆಕ್ಕ ಬರೆಯಬೇಡಿ. ಆಗ ಊರಿಗೆ ರಜೆ ಹಾಕಿ ಹೋಗುವವರು ಜಾಸ್ತಿ, ನಾಲ್ವರ ಕೆಲಸ ಮೂವರ ಮೇಲೆ ಬೀಳುತ್ತದೆ. 'ಜನ ಇರಲಿಲ್ಲ, ಅದಕ್ಕೇ ಹಾಗಾಯಿತು' ಅನ್ನುವ ಉತ್ತರ ಸಿದ್ಧವಾಗಿರುತ್ತದೆ, ಅದು ನಿಜವೂ ಹೌದು. ನಾಲ್ಕೂ ಜನ ಹಾಜರಿದ್ದ ದಿನಗಳ ಲೆಕ್ಕವೇ ಲೆಕ್ಕ. ಅವನು ಕೊಯ್ಲು ಮುಗಿದ ಮೇಲೆ, ಫೆಬ್ರವರಿ 2ರಿಂದ 14ರವರೆಗೆ ಬರೆದ.

12 ಶಿಫ್ಟಿನಲ್ಲಿ ಒಟ್ಟು 72 ಹೌಸಿಂಗ್ ಬಿನ್ ಬಂದಿದ್ದವು. ಸಮ ಹಂಚಿದರೆ ತಲೆಗೆ 18. ಅವನು ಮಾಡಿದ್ದು 42. ಉಳಿದ ಮೂವರದು 16, 10 ಮತ್ತು 4. ಗುಡಿಸುವ ಕೆಲಸ ಹನ್ನೆರಡರಲ್ಲಿ 7 ದಿನ ಅವನದೇ.

ಬರೆಯುವ ಮೊದಲು ಕಾರಣ ಕೇಳಿ

ಈ ಹೆಜ್ಜೆಯನ್ನು ಹಾರಿಸುವವರೇ ಜಾಸ್ತಿ. ಹಂಚುವವರಿಗೆ ಏನಾದರೂ ಕಾರಣ ಇದ್ದೇ ಇರುತ್ತದೆ. ಅದು ನಿಮಗೆ ಗೊತ್ತಿಲ್ಲದಿದ್ದರೆ ನಿಮ್ಮ ಪತ್ರಕ್ಕೆ ಒಂದೇ ಸಾಲಿನ ಉತ್ತರ ಬಂದು ಮುಗಿಯುತ್ತದೆ.

ಅವನು ಸೂಪರ್‌ವೈಸರ್ ಹತ್ತಿರ ಶಿಫ್ಟ್ ಶುರುವಾಗುವ ಮುಂಚೆ ಹೋಗಿ ಇಷ್ಟೇ ಕೇಳಿದ: 'ಸಾರ್, ಎರಡು ವಾರದಿಂದ ಹೌಸಿಂಗ್ ಜಾಸ್ತಿ ನನಗೇ ಬರ್ತಿದೆ. ಏನಾದ್ರೂ ಕಾರಣ ಇದೆಯಾ?' ಉತ್ತರವೂ ನೇರವಾಗಿಯೇ ಬಂತು: 'ನೀನು ಮಾಡಿದ ಹೌಸಿಂಗ್ ಇನ್‌ಸ್ಪೆಕ್ಷನ್‌ನಿಂದ ವಾಪಸ್ ಬರಲ್ಲ ಮಾರಾಯ. ಬೇರೆಯವರದು ಬರುತ್ತೆ.' ಮಾಲಿನ ಮಟ್ಟಿಗೆ ಇದು ಸರಿಯಾದ ಕಾರಣವೇ. ಚೆನ್ನಾಗಿ ಮಾಡುವವನಿಗೇ ಕಷ್ಟದ ಕೆಲಸ ಹೋಗಿ ಹೋಗಿ, ಕಲಿಯಬೇಕಾದವರು ಕಲಿಯದೇ ಉಳಿಯುತ್ತಾರೆ. ನಾನು ನೋಡಿದ ದೂರುಗಳಲ್ಲಿ ಬಹಳಷ್ಟಕ್ಕೆ ಬೇರು ಇದೇ ಆಗಿತ್ತು. ದ್ವೇಷದಿಂದ ಮಾಡಿದ್ದು ಕಡಿಮೆ.

ಇನ್ನೊಂದು ವಿಷಯವೂ ಆಗ ತಿಳಿಯಿತು. ಬರೀ 4 ಹೌಸಿಂಗ್ ಬಿನ್ ಮಾಡಿದವರಿಗೆ ಹಿಂದಿನ ವರ್ಷ ಹರ್ನಿಯಾ ಆಪರೇಷನ್ ಆಗಿತ್ತು. ಭಾರ ಎತ್ತಬಾರದು ಅಂತ ಡಾಕ್ಟರ್ ಚೀಟಿ ಕೊಟ್ಟಿದ್ದರು. ಅವನಿಗೆ ಅದು ಗೊತ್ತೇ ಇರಲಿಲ್ಲ. ಮೊದಲ ಕರಡಿನಲ್ಲಿ ಅವರನ್ನೇ 'ಕಳ್ಳ ಬೀಳುವವರು' ಅಂತ ಬರೆದಿದ್ದ. ಆ ಸಾಲು ಹೊಡೆದು ಹಾಕುವಾಗ ಅವನ ಮುಖ ಸಣ್ಣದಾಯಿತು. ಕಾಯಿಲೆ, ಬಸಿರು, ಹಳೆ ಪೆಟ್ಟು ಇಂಥ ಕಾರಣಕ್ಕೆ ಹಗುರ ಕೆಲಸ ಪಡೆದವರನ್ನು ದೂರಿನೊಳಗೆ ಎಳೆಯಬೇಡಿ.

ಕೇಳಿದ ದಿನ, ಸಿಕ್ಕ ಉತ್ತರ ಎರಡನ್ನೂ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಒಂದು ವಾರ ಕಾಯಿರಿ. ಕೆಲವು ಸಲ ಕೇಳಿದ್ದಕ್ಕೇ ಸರಿಹೋಗುತ್ತದೆ. ಇಲ್ಲಿ ಹೋಗಲಿಲ್ಲ.

ಪತ್ರ ಯಾರಿಗೆ?

ಕೆಲಸ ಹಂಚುವವರಿಗಿಂತ ಒಂದು ಮೆಟ್ಟಿಲು ಮೇಲಿನವರಿಗೆ. ಅವನ ಲೆಕ್ಕದಲ್ಲಿ ಅದು ಸೆಕ್ಷನ್ ಇನ್‌ಚಾರ್ಜ್. ಎಚ್‌.ಆರ್‌.ಗೆ ಒಂದು ಪ್ರತಿ. ನೇರ ಮಾಲೀಕರಿಗೆ ಬರೆದರೆ ಪತ್ರ ಇಳಿದು ಇಳಿದು ಕೊನೆಗೆ ಇದೇ ಇನ್‌ಚಾರ್ಜ್ ಕೈಗೇ ಬರುತ್ತದೆ, ಆದರೆ ಆಗ ಅವರಿಗೆ ಕೋಪ ಬಂದಿರುತ್ತದೆ. ನೀವು ಗುತ್ತಿಗೆ ಕಾರ್ಮಿಕರಾಗಿದ್ದರೆ ಪತ್ರ ಗುತ್ತಿಗೆದಾರರ ಹೆಸರಿಗಿರಲಿ, ನಿಮ್ಮನ್ನು ಕೆಲಸಕ್ಕೆ ಇಟ್ಟುಕೊಂಡವರು ಅವರೇ. ಅದರ ಒಂದು ನಕಲು ಕಾರ್ಖಾನೆಯ ಎಚ್‌.ಆರ್‌.ಗೆ ಹೋಗಲಿ.

ಪತ್ರ

ಒಂದು ಪುಟ ದಾಟಬಾರದು. ವಿಷಯದ ಸಾಲಿನಲ್ಲೇ ಏನು ಬೇಕು ಅನ್ನುವುದು ಇರಲಿ. 'ಅನ್ಯಾಯದ ಬಗ್ಗೆ ದೂರು' ಅಂದರೆ ಓದುವವರು ಮೊದಲೇ ಜಗಳಕ್ಕೆ ಸಿದ್ಧವಾಗುತ್ತಾರೆ. ಅವನ ಪತ್ರ ಕೊನೆಗೆ ಹೀಗಾಯಿತು:

> ದಿನಾಂಕ: ಫೆಬ್ರವರಿ 24
>
> ಇಂದ,
> (ಹೆಸರು, ಟೋಕನ್ ನಂಬರ್)
> ಫೆಟ್ಲಿಂಗ್ ವಿಭಾಗ
>
> ಗೆ,
> ವಿಭಾಗದ ಇನ್‌ಚಾರ್ಜ್ ಅವರಿಗೆ,
> ಫೆಟ್ಲಿಂಗ್ ವಿಭಾಗ
>
> ವಿಷಯ: ನಮ್ಮ ಶಿಫ್ಟಿನಲ್ಲಿ ಹೌಸಿಂಗ್ ಬಿನ್ ಮತ್ತು ಸ್ವಚ್ಛತೆ ಕೆಲಸವನ್ನು ಸರದಿ ಪ್ರಕಾರ ಹಂಚುವಂತೆ ಕೋರಿಕೆ.
>
> ಮಾನ್ಯರೇ,
>
> ನಾನು ಮೂರು ವರ್ಷದಿಂದ ಈ ವಿಭಾಗದಲ್ಲಿ ಕೆಲಸ ಮಾಡುತ್ತಿದ್ದೇನೆ. ನಮ್ಮ ಶಿಫ್ಟಿನಲ್ಲಿ ನಾಲ್ವರು ಒಂದೇ ಕೆಲಸದಲ್ಲಿದ್ದೇವೆ. ದಿನಕ್ಕೆ ಒಬ್ಬೊಬ್ಬರಿಗೆ 4 ಬಿನ್ ಹಂಚಲಾಗುತ್ತಿದೆ. ಆದರೆ ಹೌಸಿಂಗ್ ಬಿನ್‌ಗೆ ಸುಮಾರು 96 ನಿಮಿಷ, ಬ್ರಾಕೆಟ್ ಬಿನ್‌ಗೆ ಸುಮಾರು 75 ನಿಮಿಷ ಬೇಕಾಗುತ್ತದೆ. ಹೌಸಿಂಗ್ ಬಿನ್ ಒಂದರ ಭಾರ 144 ಕಿಲೋ, ಬ್ರಾಕೆಟ್ ಬಿನ್ ಒಂದರದು 45 ಕಿಲೋ.
>
> ಫೆಬ್ರವರಿ 2ರಿಂದ 14ರವರೆಗಿನ 12 ಶಿಫ್ಟ್‌ಗಳಲ್ಲಿ ಬಂದ 72 ಹೌಸಿಂಗ್ ಬಿನ್‌ಗಳಲ್ಲಿ 42 ನನಗೆ ಬಂದಿವೆ. ಅದೇ 12 ದಿನಗಳಲ್ಲಿ 7 ದಿನ ಸ್ವಚ್ಛತೆ ಕೆಲಸವನ್ನೂ ನಾನು ಮಾಡಿದ್ದೇನೆ. ದಿನವಾರು ಲೆಕ್ಕ ಲಗತ್ತಿಸಿದ್ದೇನೆ. ವಿಭಾಗದ ರಿಜಿಸ್ಟರ್ ಜೊತೆ ತಾಳೆ ನೋಡಬಹುದು. ಇದರಿಂದ ಶಿಫ್ಟಿನ ಕೊನೆಯ ಎರಡು ಗಂಟೆ ನನ್ನ ಬಲಗೈ ಜೋಮು ಹಿಡಿಯುತ್ತಿದೆ.
>
> ಫೆಬ್ರವರಿ 16ರಂದು ಸೂಪರ್‌ವೈಸರ್ ಅವರಲ್ಲಿ ಕೇಳಿದಾಗ, ನಾನು ಮಾಡಿದ ಹೌಸಿಂಗ್ ಇನ್‌ಸ್ಪೆಕ್ಷನ್‌ನಿಂದ ವಾಪಸ್ ಬರುವುದಿಲ್ಲ ಎಂದು ತಿಳಿಸಿದರು. ಅವರ ವಿಶ್ವಾಸಕ್ಕೆ ಕೃತಜ್ಞನಾಗಿದ್ದೇನೆ. ಉಳಿದವರಿಗೆ ಹೌಸಿಂಗ್ ಕೆಲಸ ತೋರಿಸಿಕೊಡಲು ನಾನು ಸಿದ್ಧನಿದ್ದೇನೆ.
>
> ನನ್ನ ಕೋರಿಕೆ: ದಿನಕ್ಕೆ ಬರುವ 6 ಹೌಸಿಂಗ್ ಬಿನ್‌ಗಳನ್ನು ಒಂದು ದಿನ ಇಬ್ಬರಿಗೆ ತಲಾ 2, ಉಳಿದಿಬ್ಬರಿಗೆ ತಲಾ 1ರಂತೆ ಹಂಚಿ, ಮರುದಿನ ಅದಲು ಬದಲು ಮಾಡಬೇಕು. ಆರೋಗ್ಯದ ಕಾರಣಕ್ಕೆ ಯಾರಿಗಾದರೂ ವಿನಾಯಿತಿ ಇದ್ದರೆ ಅವರ ಪಾಲನ್ನು ನಾವು ಉಳಿದವರು ಸಮನಾಗಿ ಮಾಡುತ್ತೇವೆ. ರಿಜಿಸ್ಟರಿನಲ್ಲಿ ಬಿನ್ ಸಂಖ್ಯೆಯ ಜೊತೆ ಪೀಸಿನ ಹೆಸರನ್ನೂ ಬರೆಯಬೇಕು. ಸ್ವಚ್ಛತೆಗೆ ಸರದಿ ಪಟ್ಟಿ ಹಾಕಬೇಕು. ಇದನ್ನು ಒಂದು ತಿಂಗಳು ಮಾಡಿ ನೋಡಿ, ಮಾರ್ಚ್ ಕೊನೆಯಲ್ಲಿ ನಮ್ಮೆಲ್ಲರನ್ನೂ ಕರೆದು ಮಾತನಾಡಬೇಕೆಂದು ಕೋರುತ್ತೇನೆ.
>
> ಇಂತಿ ತಮ್ಮ ವಿಶ್ವಾಸಿ,
> (ಸಹಿ)
>
> ಪ್ರತಿ: ಎಚ್‌.ಆರ್. ವಿಭಾಗ
> ಲಗತ್ತು: 12 ಶಿಫ್ಟ್‌ಗಳ ಲೆಕ್ಕ, 1 ಹಾಳೆ

ಜೊತೆಗಾರರ ಹೆಸರು ಪತ್ರದಲ್ಲಿ ಎಲ್ಲೂ ಇಲ್ಲ. ಲಗತ್ತಿಸಿದ ಹಾಳೆಯಲ್ಲೂ 'ನಾನು' ಅನ್ನುವ ಒಂದು ಕಾಲಂ, 'ಉಳಿದ ಮೂವರು' ಅನ್ನುವ ಇನ್ನೊಂದು. ಅಷ್ಟು ಸಾಕು. ಹೆಸರು ಬೇಕಿದ್ದರೆ ರಿಜಿಸ್ಟರಿನಲ್ಲಿದೆ. ನಾಳೆ ಅದೇ ಮೂವರ ಜೊತೆ ಊಟದ ಡಬ್ಬಿ ಬಿಚ್ಚಿ ಕೂರಬೇಕು, ಭಾರದ ಪೀಸಿಗೆ ಇನ್ನೊಂದು ಕೈ ಕರೆಯಬೇಕು. ತಪ್ಪು ಹಂಚಿಕೆಯದ್ದು, ಅವರದ್ದಲ್ಲ.

ಕೋರಿಕೆಯ ಲೆಕ್ಕವನ್ನು ಒಮ್ಮೆ ನೀವೇ ಕೂಡಿ ನೋಡಿ. ಎರಡು ದಿನಕ್ಕೆ ತಲೆಗೆ 3 ಬಿನ್, 12 ದಿನಕ್ಕೆ 18. ಸಮ ಹಂಚಿದರೆ ಬರಬೇಕಾದ ಅಂಕಿಯೇ ಅದು. ಒಬ್ಬರಿಗೆ ಪೂರ್ತಿ ವಿನಾಯಿತಿ ಇದ್ದರೆ ಉಳಿದ ಮೂವರಿಗೆ ದಿನಕ್ಕೆ ತಲಾ 2, ಅಂದರೆ 12 ದಿನಕ್ಕೆ 24. ಆಗಲೂ 42 ಅಲ್ಲ. 'ಸಮನಾಗಿ ಹಂಚಿ' ಅಂತಷ್ಟೇ ಬರೆದರೆ ಲೆಕ್ಕ ಹಾಕುವ ಕೆಲಸ ಇನ್‌ಚಾರ್ಜ್ ತಲೆಗೆ ಬೀಳುತ್ತದೆ, ಪತ್ರ ಡ್ರಾಯರ್ ಸೇರುತ್ತದೆ. 'ಹೀಗೆ ಹಂಚಬಹುದು' ಅಂತ ಬರೆದುಕೊಟ್ಟರೆ ಹೌದು ಅನ್ನುವುದು ಅವರಿಗೆ ಸುಲಭ.

ಕೈ ಜೋಮು ಹಿಡಿಯುವ ಸಾಲಿನ ಬಗ್ಗೆಯೂ ಹೇಳಬೇಕು. ಗ್ರೈಂಡರಿನ ನಡುಕ ಹೆಚ್ಚು ಹೊತ್ತು, ಹೆಚ್ಚು ದಿನ ಕೈಗೆ ತಾಗಿದರೆ ಬೆರಳಿನ ನರ ಮತ್ತು ರಕ್ತನಾಳಕ್ಕೆ ಪೆಟ್ಟಾಗುತ್ತದೆ. ಬೆರಳು ಬಿಳಿಚಿಕೊಳ್ಳುವುದು, ಜೋಮು ಬಿಡದೇ ಇರುವುದು ಅದರ ಗುರುತು. ಹಾಗೇನಾದರೂ ಇದ್ದರೆ ಡಾಕ್ಟರಿಗೆ ತೋರಿಸಿ ಚೀಟಿ ಇಟ್ಟುಕೊಳ್ಳಿ, ಪತ್ರದಲ್ಲೂ ಬರೆಯಿರಿ. ಇಲ್ಲದ ನೋವನ್ನು ಮಾತ್ರ ಬರೆಯಬೇಡಿ.

ಕೊಡುವುದು ಮತ್ತು ಕಾಯುವುದು

ಎರಡು ಪ್ರತಿ ತೆಗೆದುಕೊಂಡು ಹೋಗಿ. ಒಂದನ್ನು ಕೊಟ್ಟು, ಇನ್ನೊಂದರ ಮೇಲೆ 'ಸ್ವೀಕರಿಸಿದೆ' ಅಂತ ಸಹಿ ಮತ್ತು ತಾರೀಕು ಹಾಕಿಸಿಕೊಳ್ಳಿ. ಸಹಿ ಹಾಕಲು ಹಿಂಜರಿದರೆ ವಾದಕ್ಕೆ ಇಳಿಯಬೇಡಿ. ಅದೇ ಪತ್ರವನ್ನು ಸ್ಪೀಡ್ ಪೋಸ್ಟ್‌ನಲ್ಲಿ ಕಾರ್ಖಾನೆ ವಿಳಾಸಕ್ಕೆ ಕಳಿಸಿ ರಸೀದಿ ಜೋಪಾನ ಮಾಡಿ.

ಹದಿನೈದು ದಿನದಲ್ಲಿ ಏನೂ ಆಗದಿದ್ದರೆ ಮೂರು ಸಾಲಿನ ನೆನಪೋಲೆ ಕೊಡಿ. ಅದಕ್ಕೂ ಉತ್ತರ ಬರದಿದ್ದರೆ ಕುಂದುಕೊರತೆ ಪರಿಹಾರ ಸಮಿತಿ ಇದೆ. 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಇಂಥ ಸಮಿತಿ ಇರಬೇಕು, ಅದರಲ್ಲಿ ಆಡಳಿತದವರು ಮತ್ತು ಕಾರ್ಮಿಕರು ಸಮ ಸಂಖ್ಯೆಯಲ್ಲಿರಬೇಕು ಅನ್ನುತ್ತದೆ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ. ಇದು 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ತೊಂದರೆ ಶುರುವಾದ ಒಂದು ವರ್ಷದೊಳಗೆ ಸಮಿತಿಗೆ ಅರ್ಜಿ ಕೊಡಬೇಕು. ಸಮಿತಿ 30 ದಿನದಲ್ಲಿ ಮುಗಿಸಬೇಕು. ಅಲ್ಲೂ ಸಮಾಧಾನವಾಗದಿದ್ದರೆ ನೀವು ಸದಸ್ಯರಾಗಿರುವ ಯೂನಿಯನ್ ಮೂಲಕ 60 ದಿನದೊಳಗೆ ರಾಜಿ ಸಂಧಾನ ಅಧಿಕಾರಿಯ ಹತ್ತಿರ ಹೋಗಬಹುದು.

ಇಲ್ಲಿ ಒಂದು ಮಿತಿಯನ್ನು ಬಿಚ್ಚಿಯೇ ಹೇಳುತ್ತೇನೆ. ಕೆಲಸ ಯಾರಿಗೆ ಎಷ್ಟು ಅಂತ ತೀರ್ಮಾನಿಸುವುದು ಆಡಳಿತದವರ ಕೈಯಲ್ಲೇ ಇರುತ್ತದೆ. ಬರೀ ಹಂಚಿಕೆ ಹೆಚ್ಚು ಕಡಿಮೆ ಆಯಿತು ಅಂತ ಹೊರಗಿನ ಕಚೇರಿಗೆ ಹೋದರೆ ಸಿಗುವುದು ಕಡಿಮೆ. ಇದು ಒಳಗೇ ಬಗೆಹರಿಯಬೇಕಾದ ವಿಷಯ. ಅದಕ್ಕೇ ಪತ್ರದ ಮಾತು ಮೆದುವಾಗಿ, ಲೆಕ್ಕ ಗಟ್ಟಿಯಾಗಿ ಇರಬೇಕು. ಆದರೆ ಜಾತಿ ನೋಡಿಯೋ ಹೆಣ್ಣು ಅಂತಲೋ ಗಲೀಜು ಕೆಲಸ ಹಚ್ಚುತ್ತಿದ್ದರೆ, ಹೆಚ್ಚುವರಿ ಹೊತ್ತು ದುಡಿಸಿ ಓವರ್‌ಟೈಮ್ ಕೊಡದಿದ್ದರೆ, ಪತ್ರ ಕೊಟ್ಟಿದ್ದಕ್ಕೆ ಸೇಡು ತೀರಿಸಿಕೊಳ್ಳುತ್ತಿದ್ದರೆ, ಅದು ಬೇರೆಯೇ ದೂರು. ಅದನ್ನು ಈ ಪತ್ರದೊಳಗೆ ತುರುಕಬೇಡಿ. ಬೇರೆ ಹಾಳೆಯಲ್ಲಿ ಬರೆದು, ಕಾರ್ಮಿಕ ಇಲಾಖೆಗೆ ಹೋಗುವ ಮೊದಲು ಯೂನಿಯನ್ನವರನ್ನೋ ವಕೀಲರನ್ನೋ ಕೇಳಿ.

ಆ ಹುಡುಗನ ಪತ್ರಕ್ಕೆ ನೆನಪೋಲೆ ಬೇಕಾಗಲಿಲ್ಲ, ಸಮಿತಿಯಲ್ಲಿ ಒಂದೇ ಸಭೆಗೆ ಮುಗಿಯಿತು. ಲೆಕ್ಕದ ಹಾಳೆಯನ್ನು ರಿಜಿಸ್ಟರ್ ಜೊತೆ ಇಟ್ಟರು. ಒಟ್ಟು ಬಿನ್ ಸಂಖ್ಯೆ ತಾಳೆಯಾಯಿತು, ಒಳಗೇನಿತ್ತು ಅಂತ ರಿಜಿಸ್ಟರಿಗೆ ಹೇಳಲು ಬರಲಿಲ್ಲ. ಮಾರನೇ ವಾರದಿಂದ ಸರದಿ ಪಟ್ಟಿ ಗೋಡೆಗೆ ಬಂತು. ಹರ್ನಿಯಾ ಆದವರಿಗೆ ವಿನಾಯಿತಿ ಉಳಿಯಿತು, ಬದಲಿಗೆ ಸ್ವಚ್ಛತೆಯಲ್ಲಿ ಒಂದು ದಿನ ಹೆಚ್ಚು ಮಾಡುತ್ತೇನೆ ಅಂತ ಅವರೇ ಹೇಳಿದರು. ಉಳಿದಿಬ್ಬರಿಗೆ ಅವನೇ ಹೌಸಿಂಗ್ ತೋರಿಸಿಕೊಟ್ಟ. ಮೊದಲ ವಾರ ವಾಪಸ್ ಬರುವ ಪೀಸು ಜಾಸ್ತಿಯಾದವು, ಆಮೇಲೆ ಇಳಿದವು. ನಾಲ್ಕನೇ ವಾರಕ್ಕೆ ರಿಜಿಸ್ಟರಿನ ಹೊಸ ಕಾಲಂ ಖಾಲಿ ಬಿಡಲು ಶುರು ಮಾಡಿದ್ದರು. ಅವನು ಜೇಬಿನ ಪುಸ್ತಕ ಮತ್ತೆ ತೆಗೆದ. ಮಾರ್ಚ್ ಕೊನೆಯ ಸಭೆಗೆ ಅದನ್ನೇ ಹಿಡಿದುಕೊಂಡು ಹೋದ.